ದನಿ ನಿಂತಿತು, ಹುಡುಗ ಎದ್ದು ಬರಲಿಲ್ಲ: ಬನಹಟ್ಟಿಯ ಒಂದು ಪ್ರಕರಣ

"ದನಿ ಕೇಳೂದು ನಿಂತೈತ್ರಿ ಸಾಹೇಬ್ರ. ಆದ್ರ ಅದರ ಜೋಡಿ ನನ್ನ ಮಗನೂ ಹೋಗ್ಯಾನ. ಗ್ವಾಡಿಗೆ ಆನಿಕೊಂಡು ಕುಂತ್ನಂದ್ರ ಹೊತ್ತು ಮುಳುಗೂತನಕ ಅಲ್ಲೇ."

ಬನಹಟ್ಟಿಯಿಂದ ಬಂದ ಒಬ್ಬ ತಾಯಿ ಬಾಗಲಕೋಟೆಯ ನನ್ನ ಕ್ಲಿನಿಕ್‌ನಲ್ಲಿ ಹೇಳಿದ ಮಾತು ಇದು. ನಾನು ಮನೋವೈದ್ಯ. ಆ ಹುಡುಗನನ್ನು ಇಲ್ಲಿ ಮಲ್ಲು ಅಂತ ಕರೆಯುತ್ತೇನೆ. ಅದು ಅವನ ಹೆಸರಲ್ಲ, ಗುರುತು ಸಿಗದ ಹಾಗೆ ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಗುಳಿಗೆ, ಡೋಸು, ಏನು ಸರಿಹೋಯಿತು, ಏನು ಹೋಗಲಿಲ್ಲ ಅನ್ನುವುದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಮಲ್ಲು ಮೊದಲ ಸಲ ಬಂದಾಗ 21 ವರ್ಷ. ಮನೆಯಲ್ಲಿ ನಾಲ್ಕು ಪವರ್‌ಲೂಮ್. ಮಗ್ಗದ ಖಟಖಟ ಸದ್ದಿನೊಳಗೆ ಇಬ್ಬರು ಗಂಡಸರು ತನ್ನ ಬಗ್ಗೆ ಮಾತಾಡುತ್ತಾರೆ ಅನ್ನುತ್ತಿದ್ದ. ಮಗ್ಗ ಬಂದ್ ಮಾಡಿದರೂ ಅವರ ಮಾತು ನಿಲ್ಲುತ್ತಿರಲಿಲ್ಲ. ಓಣಿಯ ಚಹಾದಂಗಡಿಯಲ್ಲಿ ಚಹಾಕ್ಕೆ ಏನೋ ಬೆರೆಸುತ್ತಾರೆ ಅಂತ ಕುಡಿಯುವುದನ್ನೇ ಬಿಟ್ಟಿದ್ದ. ಒಂದು ರಾತ್ರಿ ಲಾಳಿ ತೆಗೆದು ಪಕ್ಕದ ಮನೆಯ ಬಾಗಿಲಿಗೆ ಎಸೆದ. ಆಮೇಲೆ ಮನೆಯವರು ಕರೆದುಕೊಂಡು ಬಂದರು. ಸ್ಕಿಜೋಫ್ರೇನಿಯಾ ಅಂತ ಹೇಳಲು ಕಷ್ಟ ಇರಲಿಲ್ಲ. ಆರು ತಿಂಗಳಿಗಿಂತ ಜಾಸ್ತಿ ನಡೆದಿತ್ತು, ಕುಡಿತ ಗಾಂಜಾ ಇರಲಿಲ್ಲ, ಫಿಟ್ಸು ಜ್ವರ ಇರಲಿಲ್ಲ.

ರಿಸ್ಪೆರಿಡೋನ್ 2 ಮಿಲಿಗ್ರಾಂನಿಂದ ಶುರು ಮಾಡಿ 4ಕ್ಕೆ ಒಯ್ದೆ. ಆರನೇ ವಾರದ ಹೊತ್ತಿಗೆ ದನಿ ನಿಂತಿತ್ತು. ಚಹಾ ಕುಡಿಯತೊಡಗಿದ. ನನಗೂ ಖುಷಿ, ಮನೆಯವರಿಗೂ ಖುಷಿ.

ನಾಲ್ಕನೇ ತಿಂಗಳು ಅವರ ಕಾಕಾ ಬಂದು ತಕರಾರು ಹೇಳಿದರು. "ಮೈಗಳ್ಳ ಆಗ್ಯಾನ್ರಿ. ಕುಂತಲ್ಲೇ ಕೂಳು ಸಿಗತೈತಿ, ಯಾಕ ಏಳ್ತಾನ?" ಹುಡುಗ ಮಾತಾಡುವುದಿಲ್ಲ, ಸ್ನಾನ ಮಾಡು ಅಂದರೆ ಮಾಡುತ್ತಾನೆ, ಅನ್ನದಿದ್ದರೆ ಇಲ್ಲ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಒಳಗೆ ದನಿ ಇನ್ನೂ ಇರಬಹುದು, ಅದಕ್ಕೇ ಹೀಗೆ ಕೂತಿದ್ದಾನೆ ಅಂದುಕೊಂಡೆ. 4 ಇದ್ದದ್ದನ್ನು 6 ಮಾಡಿದೆ. ಎರಡು ತಿಂಗಳ ಮೇಲೆ 8 ಮಾಡಿದೆ. ಕೈ ನಡುಗುತ್ತದೆ ಅಂದಾಗ ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ ದಿನಕ್ಕೆ ಎರಡು ಸಲ ಸೇರಿಸಿದೆ. ತಾಯಿ ಆ ಮಾತು ಹೇಳಿದ್ದು ಅದಾದ ಮೇಲೆ, ಒಂಬತ್ತನೇ ತಿಂಗಳಲ್ಲಿ.

ಅವತ್ತು ಅವನನ್ನು ಕುರ್ಚಿಯಿಂದ ಎಬ್ಬಿಸಿ ಕಾರಿಡಾರಿನಲ್ಲಿ ನಡೆಸಿದೆ. ಇಷ್ಟು ದಿನ ನಡೆಸಿ ನೋಡಿಯೇ ಇರಲಿಲ್ಲ. ಎಡಗೈ ಬೀಸುತ್ತಿರಲಿಲ್ಲ, ಹೊಲಿದು ಅಂಟಿಸಿದ ಹಾಗೆ ಪಕ್ಕಕ್ಕೇ ಇತ್ತು. ಮಣಿಕಟ್ಟು ಹಿಡಿದು ತಿರುಗಿಸಿದರೆ ಹಲ್ಲಿನ ಗಾಲಿ ತಿರುಗಿದ ಹಾಗೆ ತಡೆದು ತಡೆದು ಬರುತ್ತಿತ್ತು. ಕಣ್ಣು ಮಿಟುಕಿಸುವುದು ಕಮ್ಮಿ. ಬೆಳಗ್ಗೆ ದಿಂಬು ಒದ್ದೆ ಇರುತ್ತದಾ ಅಂತ ತಾಯಿಯನ್ನು ಕೇಳಿದೆ. "ದಿನಾ ಕವರ್ ಒಗೀತೀನ್ರಿ" ಅಂದರು. ಇದು ಔಷಧಿಯಿಂದ ಬಂದ ಪಾರ್ಕಿನ್ಸನ್. ಟ್ರೈಹೆಕ್ಸಿಫೆನಿಡಿಲ್ ನಡುಕವನ್ನಷ್ಟೇ ಮುಚ್ಚಿತ್ತು. ಅದರ ಮೇಲೆ ಆ ಗುಳಿಗೆಯೇ ನೆನಪು, ಗಮನ ಎರಡನ್ನೂ ಮಂದ ಮಾಡುತ್ತದೆ.

ಅಂದರೆ ಗೋಡೆಗೆ ಆನಿಕೊಂಡ ಆ ಕೂತುಬಿಡುವಿಕೆಯಲ್ಲಿ ಒಂದು ಪದರವನ್ನು ಮಾಡಿದ್ದು ನಾನೇ. ಅದರ ಕೆಳಗೆ ಇನ್ನೊಂದು ಪದರ ಇದೆಯಾ, ಇದ್ದರೆ ಅದು ಎಲ್ಲಿಂದ ಬಂತು? ಮುಂದಿನ ಒಂದು ವರ್ಷ ಹೋದದ್ದು ಇದನ್ನು ಬಿಡಿಸಿ ನೋಡುವುದರಲ್ಲೇ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಡೋಪಮಿನ್ ಅನ್ನುವ ರಾಸಾಯನಿಕ ಜಾಸ್ತಿಯಾಗಿ ಈ ಕಾಯಿಲೆ ಬರುತ್ತದೆ ಅನ್ನುವ ಒಂದು ವಾದ ಇದೆ. ಅದಕ್ಕೆ ಮೊದಲು ಆ ಡೋಪಮಿನ್ ವಾದ ಏನು ಹೇಳುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತಪ್ಪು ಕೂಡ ಆ ವಾದದ ಒಳಗೇ ಇದೆ.

*

ಈ ಕಥೆಯ ಒಂದು ಎಳೆ ನಮ್ಮ ದೇಶದಲ್ಲೇ ಇದೆ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್, ಸರ್ಪಗಂಧದ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆ ಅಂತ ಬರೆದರು. ಅದರೊಳಗಿನ ರೆಸರ್ಪಿನ್, ನರಕೋಶದ ಒಳಗೆ ಕೂಡಿಟ್ಟ ಡೋಪಮಿನ್ ಮತ್ತು ಅದರ ಬಳಗದ ರಾಸಾಯನಿಕಗಳನ್ನು ಖಾಲಿ ಮಾಡುತ್ತದೆ ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. 1952ರಲ್ಲಿ ಪ್ಯಾರಿಸ್‌ನಲ್ಲಿ ಡಿಲೇ ಮತ್ತು ಡೆನಿಕರ್ ಅನ್ನುವ ವೈದ್ಯರು ಕ್ಲೋರ್‌ಪ್ರೊಮಜಿನ್ ಕೊಟ್ಟು ನೋಡಿದರು. ಕೂಗಾಡುತ್ತಿದ್ದವರು ಶಾಂತರಾದರು. ಹೇಗೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

1963ರಲ್ಲಿ ಸ್ವೀಡನ್‌ನ ಅರ್ವಿಡ್ ಕಾರ್ಲ್‌ಸನ್ ಮತ್ತು ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಇಲಿಗಳಿಗೆ ಇಂಥ ಔಷಧಿ ಕೊಟ್ಟರು. ಡೋಪಮಿನ್ ಬಳಗದ ರಾಸಾಯನಿಕಗಳು ಒಡೆದಾಗ ಬರುವ ಕಸ ಮಿದುಳಿನಲ್ಲಿ ಜಾಸ್ತಿಯಾಗಿತ್ತು. ಔಷಧಿ ಆ ಕಡೆಯ ಕೋಶದಲ್ಲಿ ಸಂದೇಶ ಹಿಡಿಯುವ ಗ್ರಾಹಕವನ್ನು ಮುಚ್ಚಿದೆ, ಸಂದೇಶ ಮುಟ್ಟದ ಕಾರಣ ಈ ಕಡೆಯ ಕೋಶ ಇನ್ನಷ್ಟು ಸುರಿಯುತ್ತಿದೆ ಅಂತ ಅವರು ಊಹಿಸಿದರು. 1976ರ ಹೊತ್ತಿಗೆ ಫಿಲಿಪ್ ಸೀಮನ್ ಮತ್ತು ಸಾಲೊಮನ್ ಸ್ನೈಡರ್ ಅವರ ಲ್ಯಾಬುಗಳು ಆ ಊಹೆಗೆ ಗಟ್ಟಿ ಬುನಾದಿ ಹಾಕಿದವು. ಯಾವ ಗುಳಿಗೆ ಡೋಪಮಿನ್‌ನ ಡಿ2 ಗ್ರಾಹಕಕ್ಕೆ ಬಿಗಿಯಾಗಿ ಅಂಟುತ್ತದೋ, ಅದು ಕಮ್ಮಿ ಮಿಲಿಗ್ರಾಂನಲ್ಲೇ ಕೆಲಸ ಮಾಡುತ್ತದೆ. ಹ್ಯಾಲೊಪೆರಿಡಾಲ್ ಕೆಲವೇ ಮಿಲಿಗ್ರಾಂ ಸಾಕು, ಕ್ಲೋರ್‌ಪ್ರೊಮಜಿನ್‌ಗೆ ನೂರಾರು ಬೇಕು.

ಇನ್ನೊಂದು ಕಡೆಯ ಸಾಕ್ಷಿ ಆಂಫೆಟಮಿನ್. ಡೋಪಮಿನ್ ಸುರಿಸುವ ಈ ಮಾದಕವನ್ನು ದಿನಗಟ್ಟಲೆ ತೆಗೆದುಕೊಂಡವರಿಗೆ ಅನುಮಾನ, ದನಿ ಎರಡೂ ಬರುತ್ತವೆ. 1990ರ ದಶಕದಿಂದ ಸ್ಕ್ಯಾನ್‌ಗಳೂ ಇದನ್ನೇ ಹೇಳುತ್ತಿವೆ. ಸ್ಕಿಜೋಫ್ರೇನಿಯಾ ಇರುವ ಬಹಳ ಜನರಲ್ಲಿ ಸ್ಟ್ರಯೇಟಮ್ ಅನ್ನುವ ಒಳಭಾಗದಲ್ಲಿ ಡೋಪಮಿನ್ ತಯಾರಿಯೂ ಬಿಡುಗಡೆಯೂ ಜಾಸ್ತಿ.

ಡೋಪಮಿನ್ ಜಾಸ್ತಿಯಾದರೆ ಮಗ್ಗದ ಸದ್ದಿನಲ್ಲಿ ಮಾತು ಯಾಕೆ ಕೇಳಬೇಕು? 2003ರಲ್ಲಿ ಶಿತಿಜ್ ಕಪೂರ್ ಒಂದು ವಿವರಣೆ ಕೊಟ್ಟರು. ನನಗೆ ಅದು ಇವತ್ತಿಗೂ ಇಷ್ಟ. ಡೋಪಮಿನ್ ಒಂದು ಗುರುತು ಹಾಕುತ್ತದೆ. ಸುತ್ತಲಿನ ಸಾವಿರ ಸದ್ದಿನಲ್ಲಿ, ನೋಟದಲ್ಲಿ "ಇದು ನಿನಗೆ ಸಂಬಂಧಪಟ್ಟದ್ದು, ಇತ್ತ ನೋಡು" ಅನ್ನುವ ಗುರುತು. ಅದು ಬೇಕಾಬಿಟ್ಟಿ ಬೀಳತೊಡಗಿದರೆ ಸುಮ್ನೆ ಇದ್ದ ಸದ್ದೂ ನನ್ನನ್ನೇ ಕರೆದ ಹಾಗೆ ಅನಿಸುತ್ತದೆ. ಚಹಾದಂಗಡಿಯವನು ಲೋಟ ತೊಳೆದ ರೀತಿಯಲ್ಲೂ ಅರ್ಥ ಕಾಣುತ್ತದೆ. ಡಿ2 ಮುಚ್ಚಿದರೆ ಆ ಗುರುತು ಮಂದವಾಗುತ್ತದೆ. ಮಲ್ಲು ಒಮ್ಮೆ ಹೇಳಿದ್ದ: "ಸದ್ದು ಅದೇ ಐತ್ರಿ. ಈಗ ಅದು ನನ್ನ ಹೆಸರು ಹೇಳಾಂಗಿಲ್ಲ."

ಆದರೆ ಊಟದ ವಾಸನೆ ಬಂದಾಗ ಏಳಬೇಕು ಅನ್ನಿಸುವುದಕ್ಕೂ ಗೆಳೆಯ ಕರೆದಾಗ ಹೋಗಬೇಕು ಅನ್ನಿಸುವುದಕ್ಕೂ ಅದೇ ಗುರುತು ಬೇಕು. ಸುಳ್ಳು ಗುರುತನ್ನು ಮಾತ್ರ ಅಳಿಸಿ ಖರೆ ಗುರುತನ್ನು ಉಳಿಸುವಷ್ಟು ಜಾಣತನ ಗುಳಿಗೆಗೆ ಇಲ್ಲ. ಪ್ಯಾರಿಸ್‌ನ ಆ ಮೊದಲ ವೈದ್ಯರೇ ಈ ಔಷಧಿ ಕೊಟ್ಟವರಲ್ಲಿ ಒಂದು ಬಗೆಯ ನಿರ್ಲಿಪ್ತತೆ ಬರುತ್ತದೆ ಅಂತ ಬರೆದಿದ್ದರು. ಆಗ ಅದನ್ನು ಔಷಧಿಯ ಗುಣ ಅಂತಲೇ ಎಣಿಸಿದ್ದರು.

*

ಈಗ ಲೆಕ್ಕಕ್ಕೆ ಬರೋಣ. ರಿಸ್ಪೆರಿಡೋನ್ ತೆಗೆದುಕೊಳ್ಳುವವರ ಪೆಟ್ ಸ್ಕ್ಯಾನ್ ಮಾಡಿ ಎಷ್ಟು ಡಿ2 ಗ್ರಾಹಕ ಮುಚ್ಚಿದೆ ಅಂತ ಕಪೂರ್ ಅವರ ತಂಡ ಟೊರೊಂಟೊದಲ್ಲಿ ಅಳೆದಿತ್ತು. ಸರಾಸರಿ ಹೀಗಿದೆ: 2 ಮಿಲಿಗ್ರಾಂಗೆ ಶೇ. 66, 4ಕ್ಕೆ ಶೇ. 73, 6ಕ್ಕೆ ಶೇ. 79. ಹ್ಯಾಲೊಪೆರಿಡಾಲ್ ಮೇಲೆ ಅದೇ ತಂಡ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಸುಮಾರು ಶೇ. 65 ಮುಚ್ಚಿದರೆ ಗುಣ ಕಾಣುತ್ತದೆ, ಶೇ. 78 ದಾಟಿದರೆ ಕೈಕಾಲು ಬಿಗಿಯುವುದು ಶುರುವಾಗುತ್ತದೆ ಅಂತ ಬಂತು. ಆ ಎರಡರ ನಡುವಿನ ಜಾಗ ಎಷ್ಟು ಇಕ್ಕಟ್ಟು ನೋಡಿ.

ಮಲ್ಲುಗೆ 4 ಮಿಲಿಗ್ರಾಂನಲ್ಲೇ ದನಿ ನಿಂತಿತ್ತು. ನಾನು ಡೋಸು ಎರಡು ಪಟ್ಟು ಮಾಡಿದಾಗ ಗುಣದ ಕಡೆಗೆ ಏನೂ ಸೇರಲಿಲ್ಲ, ಏಕೆಂದರೆ ಸೇರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಬಿಗಿತದ ಗೆರೆಯನ್ನಷ್ಟೇ ದಾಟಿಸಿದೆ. ಇವು ಸರಾಸರಿ ಅಂಕಿ. ಮಲ್ಲುವಿನ ಮಿದುಳನ್ನು ಯಾರೂ ಅಳೆದಿಲ್ಲ. ಆದರೆ ಅವನ ಎಡಗೈ ಅದನ್ನೇ ಹೇಳುತ್ತಿತ್ತು.

ಇಳಿಸಲು ಶುರು ಮಾಡಿದೆ. 8ರಿಂದ 6, ನಂತರ ತಿಂಗಳಿಗೆ ಒಂದು ಮಿಲಿಗ್ರಾಂನಂತೆ 5, 4, 3. ಟ್ರೈಹೆಕ್ಸಿಫೆನಿಡಿಲ್ ಅನ್ನೂ ನಿಧಾನಕ್ಕೆ ಬಿಡಿಸಿದೆ. ಅದನ್ನು ದಿಢೀರ್ ಅಂತ ನಿಲ್ಲಿಸಿದರೆ ವಾಂತಿ, ಚಡಪಡಿಕೆ ಬರುತ್ತದೆ. ಕಾಯಿಲೆ ಮರಳಿತು ಅಂತ ಮನೆಯವರು ಹೆದರುತ್ತಾರೆ. ತಾಯಿಗೆ ಎರಡೇ ಕೆಲಸ ಹೇಳಿದೆ. ರಾತ್ರಿ ಎಷ್ಟು ಹೊತ್ತು ಮಲಗುತ್ತಾನೆ ನೋಡಿ. ಹೊರಗಿನ ಚಹಾ ಕುಡಿಯುತ್ತಾನಾ ನೋಡಿ. ಮೊದಲ ಸಲ ಕೆಟ್ಟಾಗ ಆ ಎರಡೇ ಮೊದಲು ಹೋಗಿದ್ದವು. ಪ್ರತಿಯೊಬ್ಬರಿಗೂ ಇಂಥ ಒಂದೆರಡು ಸ್ವಂತ ಸುಳಿವು ಇರುತ್ತವೆ.

3 ಮಿಲಿಗ್ರಾಂಗೆ ಬರುವ ಹೊತ್ತಿಗೆ ಕೈ ಬೀಸಿ ನಡೆಯುತ್ತಿದ್ದ. ದಿಂಬು ಒಣಗಿತ್ತು. ಅಕ್ಕನ ಕೂಸು ತೊಡೆಯೇರಿದಾಗ ನಕ್ಕನಂತೆ. ಅದನ್ನು ಹೇಳುವಾಗ ತಾಯಿ ಅತ್ತರು. ಕಾಕಾ ಕರೆದರೆ ಅಂಗಡಿಗೆ ಹೋಗುತ್ತಿದ್ದ. ಒಂದು ಪದರ ಎದ್ದು ಹೋಗಿತ್ತು.

ಆದರೂ ತಾನಾಗಿ ಏನನ್ನೂ ಶುರು ಮಾಡುತ್ತಿರಲಿಲ್ಲ.

ಕೂತುಬಿಡುವುದಕ್ಕೆ ಬೇರೆ ಕಾರಣವೂ ಇರಬಹುದಲ್ವಾ? ಥೈರಾಯ್ಡ್ ನೋಡಿದೆ, ಸರಿ ಇತ್ತು. ಖಿನ್ನತೆ ಇದೆಯಾ ಅಂತ ನೋಡಬೇಕಿತ್ತು. "ತಮ್ಮಾ, ಮನಸ್ಸಿಗೆ ಬ್ಯಾಸರ ಆಗೈತೇನು?" ಅಂದೆ. "ಇಲ್ರಿ." "ಅಳು ಬರತೈತೇನು? ಸಾಯಬೇಕು ಅನಸತೈತೇನು?" "ಇಲ್ರಿ." "ಮತ್ತ ಏನನಸತೈತಿ?" ತುಸು ಹೊತ್ತು ಬಿಟ್ಟು ಹೇಳಿದ: "ಏನೂ ಅನಸಾಂಗಿಲ್ರಿ." ಖಿನ್ನತೆ ಇರುವವರು ಹೀಗೆ ಹೇಳುವಾಗ ಅದರ ಹಿಂದೆ ನೋವು ಇರುತ್ತದೆ. ಇವನ ಮಾತಿನಲ್ಲಿ ಅದೂ ಇರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಕೊಟ್ಟ, ಅಷ್ಟೇ.

ಆಗ ಅವನ ಅಕ್ಕ ಒಂದು ಸಂಗತಿ ಹೇಳಿದಳು. ಜಮಖಂಡಿಯಲ್ಲಿ ಬಿ.ಎ. ಎರಡನೇ ವರ್ಷದಲ್ಲಿ ಮಲ್ಲು ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದ್ದ. ಕಬಡ್ಡಿ ತಂಡದವರು ಮನೆಗೆ ಬಂದು ಕರೆದರೂ ಎದ್ದಿರಲಿಲ್ಲ. ಆಗ 19 ವರ್ಷ. ದನಿ ಬರುವುದಕ್ಕೆ ಎರಡು ವರ್ಷ ಮೊದಲು, ಮೊದಲ ಗುಳಿಗೆಗೂ ಎರಡು ವರ್ಷ ಮೊದಲು. ಮೊದಲ ದಿನವೇ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ನಾನು ಕೇಳಿದ್ದು "ದನಿ ಯಾವಾಗಿಂದ?" ಅಂತ. ಎಲ್ಲರೂ ಕೇಳುವುದು ಅದನ್ನೇ.

ಇದನ್ನೇ ನೆಗೆಟಿವ್ ಲಕ್ಷಣ ಅನ್ನುತ್ತೇವೆ. ಇಲ್ಲದ್ದು ಬಂದು ಸೇರುವುದಲ್ಲ, ಇದ್ದದ್ದು ಕಮ್ಮಿಯಾಗುವುದು: ಮುಖದ ಭಾವ, ಮಾತು, ಬೆರೆಯುವುದು, ಮುಂದಿನದರ ಆಸೆ, ಏಳಬೇಕು ಅನ್ನುವ ಹುಮ್ಮಸ್ಸು. ಇದರಲ್ಲಿ ಒಂದು ಸೂಕ್ಷ್ಮ ಇದೆ, ಅದು ನನಗೆ ಕ್ಲಿನಿಕ್‌ನಲ್ಲೇ ಕಂಡಿತು. ಒಮ್ಮೆ ಮನೆಯವರು ಗಿರ್ಮಿಟ್ ಕಟ್ಟಿಸಿಕೊಂಡು ಬಂದಿದ್ದರು. ಮುಂದಿಟ್ಟಾಗ ಮಲ್ಲು ಚೆನ್ನಾಗಿಯೇ ತಿಂದ. ಮಿರ್ಚಿ ಬೇರೆ ಕೇಳಿದ. ರುಚಿ ಐತೇನು ಅಂದರೆ "ಭಾರಿ ಐತ್ರಿ" ಅಂದ. "ಮನಿ ಹತ್ರಾನೂ ಸಿಗತೈತಲ್ಲ, ನಾಳೆ ಹೋಗಿ ತಿಂತೀಯೇನು?" ಅಂದೆ. ಮುಖ ಮತ್ತೆ ಖಾಲಿ. "ನೋಡೋಣ್ರಿ."

ಬಾಯಿಗೆ ಬಂದಾಗ ಸುಖ ಸಿಗುತ್ತದೆ. ಬರುವ ಮೊದಲು ಅದನ್ನು ನೆನೆಸಿಕೊಂಡು ಕಾಲು ಎತ್ತುವುದು ಆಗುವುದಿಲ್ಲ. ಸ್ಕಿಜೋಫ್ರೇನಿಯಾದ ಮೇಲೆ ನಡೆದ ಹಲವು ಅಧ್ಯಯನಗಳೂ ಇದೇ ಬಿರುಕನ್ನು ತೋರಿಸಿವೆ. ಮೈಗಳ್ಳತನಕ್ಕೂ ಇದಕ್ಕೂ ಇರುವ ಫರಕು ಇಲ್ಲೇ ಸಿಗುತ್ತದೆ. ಮೈಗಳ್ಳ ಕೆಲಸಕ್ಕೆ ಏಳದಿದ್ದರೂ ಗಿರ್ಮಿಟ್‌ಗೆ ಏಳುತ್ತಾನೆ. ಕಾಕಾನಿಗೆ ಇದನ್ನು ಹೇಳಿದಾಗ ನಕ್ಕರು. ಆಮೇಲೆ ಬೈಯುವುದನ್ನು ಸ್ವಲ್ಪ ಕಮ್ಮಿ ಮಾಡಿದರು.

*

ಉಳಿದದ್ದೂ ಡೋಸಿನದೇ ಇರಬಹುದು ಅಂತ ನನಗೆ ಇನ್ನೂ ಅನುಮಾನ ಇತ್ತು. ಮನೆಯವರ ಒಪ್ಪಿಗೆ ಪಡೆದು 2 ಮಿಲಿಗ್ರಾಂಗೆ ಇಳಿಸಿದೆ. ಮೂರನೇ ವಾರ ನಿದ್ದೆ ಮೂರು ತಾಸಿಗೆ ಇಳಿಯಿತು. ಅಂಗಡಿಯ ಚಹಾ ಬೇಡ ಅಂದ. ತಾಯಿ ಅವತ್ತೇ ಫೋನ್ ಮಾಡಿದರು. ಮತ್ತೆ 3 ಮಾಡಿದೆ, ಎರಡು ವಾರದಲ್ಲಿ ಸರಿಹೋಯಿತು.

ಈ ಮೂರು ವಾರ ನನಗೆ ಎರಡು ಮಾತು ಹೇಳಿದವು. ದನಿಗೂ ಅನುಮಾನಕ್ಕೂ ಡೋಪಮಿನ್ ವಾದ ಇವನ ಮಟ್ಟಿಗೆ ಖರೆ. ಒಂದು ಮಿಲಿಗ್ರಾಂ ಅತ್ತಿತ್ತ ಆದರೆ ಅದೂ ಅತ್ತಿತ್ತ ಆಗುತ್ತದೆ. ಆದರೆ ಕೂತುಬಿಡುವುದು 3ರಲ್ಲೂ 2ರಲ್ಲೂ ಒಂದೇ ಸಮ ಇತ್ತು, ಗುಳಿಗೆ ಇಲ್ಲದ 19ನೇ ವಯಸ್ಸಿನಲ್ಲೂ ಇತ್ತು. ಅದು ಡಿ2 ಜೊತೆ ಏರಿಳಿಯುತ್ತಿಲ್ಲ. ಒಬ್ಬ ಹುಡುಗನಿಂದ ಸಿದ್ಧಾಂತ ಕಟ್ಟಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಅವನು ತೋರಿಸಿದ್ದು ಹಳೆಯ ವಾದದ ಗೊತ್ತಿದ್ದ ಬಿರುಕನ್ನೇ.

ಆಂಫೆಟಮಿನ್ ಆರೋಗ್ಯವಂತರಲ್ಲಿ ಅನುಮಾನ, ದನಿ ತರುತ್ತದೆ. ಆದರೆ ಜನರನ್ನು ಗೋಡೆಗೆ ಆನಿಸಿ ಕೂರಿಸುವುದಿಲ್ಲ, ಉಲ್ಟಾ ಓಡಾಡಿಸುತ್ತದೆ. ಡಿ2 ಮುಚ್ಚುವ ಗುಳಿಗೆಗಳು 70 ವರ್ಷದಿಂದ ಇವೆ, ಮೂಲ ನೆಗೆಟಿವ್ ಲಕ್ಷಣವನ್ನು ಅವು ಕದಲಿಸಿದ್ದು ತೀರಾ ಕಮ್ಮಿ. ಸುಮಾರು ಮೂರರಲ್ಲಿ ಒಬ್ಬರಿಗೆ ದನಿಯೂ ಸರಿಯಾಗಿ ನಿಲ್ಲುವುದಿಲ್ಲ. ಅಂಥವರಲ್ಲಿ ಹಲವರಿಗೆ ಕೆಲಸ ಮಾಡುವ ಕ್ಲೋಜಪಿನ್, ಡಿ2 ಮೇಲೆ ಬೇರೆ ಗುಳಿಗೆಗಳಿಗಿಂತ ಸಡಿಲವಾಗಿ ಕೂರುತ್ತದೆ. 1991ರಲ್ಲಿ ಹಳೆಯ ವಾದಕ್ಕೆ ಒಂದು ತೇಪೆ ಹಾಕಿದರು. ಒಳಗೆ ಸ್ಟ್ರಯೇಟಮ್‌ನಲ್ಲಿ ಡೋಪಮಿನ್ ಜಾಸ್ತಿ, ಹಣೆಯ ಹಿಂದಿನ ಮುಂಭಾಗದಲ್ಲಿ ಕಮ್ಮಿ, ನೆಗೆಟಿವ್ ಲಕ್ಷಣ ಆ ಕಮ್ಮಿಯಿಂದ ಅಂದರು. ತೇಪೆ ಕೆಟ್ಟದ್ದೇನಲ್ಲ. ಆದರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಯಾಕಾಯಿತು ಅನ್ನುವುದನ್ನು ಅದು ಹೇಳುವುದಿಲ್ಲ.

*

ಅದಕ್ಕೆ ಉತ್ತರ ಹುಡುಕಿದ್ದು ಅರಿವಳಿಕೆ ಔಷಧಿಗಳ ಕಡೆಯಿಂದ. 1950ರ ದಶಕದಲ್ಲಿ ಫೆನ್‌ಸೈಕ್ಲಿಡಿನ್ ಅನ್ನುವ ಅರಿವಳಿಕೆ ಬಂತು. ಅದನ್ನು ಕೊಟ್ಟವರು ಗುಂಗು ಹಿಡಿದವರಂತೆ ಆಗುತ್ತಿದ್ದರು. ಅನುಮಾನ ಇತ್ತು, ಅದರ ಜೊತೆ ಮಾತು ನಿಲ್ಲುವುದು, ಹಿಂದೆ ಸರಿಯುವುದು, ಯೋಚನೆ ತುಂಡಾಗುವುದು ಕೂಡ ಇತ್ತು. 1959ರಲ್ಲೇ ಇದು ಸ್ಕಿಜೋಫ್ರೇನಿಯಾವನ್ನು ಹೋಲುತ್ತದೆ ಅಂತ ಬರೆದರು. ಅದು, ನರಕೋಶಗಳ ಇನ್ನೊಂದು ಸಂದೇಶ ರಾಸಾಯನಿಕವಾದ ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕವನ್ನು ಮುಚ್ಚುತ್ತದೆ ಅಂತ ಗೊತ್ತಾದದ್ದು 1980ರ ದಶಕದಲ್ಲಿ. ಅದರ ತಮ್ಮ ಅನ್ನಬಹುದಾದ ಕೆಟಮಿನ್ ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಇದೆ. ಹೌಸ್ ಸರ್ಜನ್ ಆಗಿದ್ದಾಗ, ಮುರಿದ ಕೈ ಕೂರಿಸಲು ಕೆಟಮಿನ್ ಪಡೆದ ಒಬ್ಬ ರೈತ ಎಚ್ಚರಾಗುವಾಗ ನಾನು ಪಕ್ಕದಲ್ಲಿದ್ದೆ. ಕಣ್ಣು ತೆರೆದಿತ್ತು. ಹೆಂಡತಿ ಕರೆದರೂ ಅತ್ತ ತಿರುಗಲಿಲ್ಲ. ಗಾಜಿನ ಆಚೆ ನಿಂತು ನೋಡಿದ ಹಾಗೆ ಇತ್ತು. ಅರ್ಧ ತಾಸಿಗೆ ಸರಿಯಾದ.

1994ರಲ್ಲಿ ಜಾನ್ ಕ್ರಿಸ್ಟಲ್ ಮತ್ತು ಜೊತೆಗಾರರು ಯೇಲ್‌ನಲ್ಲಿ ಆರೋಗ್ಯವಂತರಿಗೆ ಅರಿವಳಿಕೆಗಿಂತ ಕಮ್ಮಿ ಡೋಸಿನ ಕೆಟಮಿನ್ ಕೊಟ್ಟರು. ಆಂಫೆಟಮಿನ್ ತೋರಿಸದೇ ಇದ್ದದ್ದು ಇಲ್ಲಿ ಕಂಡಿತು. ಅನುಮಾನದ ಜೊತೆಗೆ ಭಾವ ಚಪ್ಪಟೆಯಾಯಿತು, ಮಾತು ಕಮ್ಮಿಯಾಯಿತು, ಗಮನ ಮತ್ತು ನೆನಪು ಕುಸಿಯಿತು. ಮೂರೂ ಬಗೆಯ ಲಕ್ಷಣ ಒಂದೇ ಔಷಧಿಯಲ್ಲಿ.

ವಾದ ಸರಳವಾಗಿ ಹೀಗೆ ಇದೆ. ಮಿದುಳಿನ ಹೊರಪದರದ ದೊಡ್ಡ ಕೋಶಗಳು ಗ್ಲುಟಮೇಟ್ ಮೂಲಕ ಒಂದನ್ನೊಂದು ಎಬ್ಬಿಸುತ್ತವೆ. ಅವುಗಳ ನಡುವೆ ಸಣ್ಣ ಕೋಶಗಳಿವೆ. ಅವು ತಡೆ ಹಾಕುತ್ತವೆ, ತಾಳ ಹಿಡಿಯುತ್ತವೆ. ಈ ಸಣ್ಣ ಕೋಶಗಳು ದೊಡ್ಡವುಗಳ ಸದ್ದನ್ನು ಕೇಳಿಸಿಕೊಳ್ಳುವುದು ಎನ್‌ಎಂಡಿಎ ಗ್ರಾಹಕದಿಂದ. ಅದು ಸೊರಗಿದರೆ ತಡೆ ತಪ್ಪುತ್ತದೆ, ತಾಳವೂ ತಪ್ಪುತ್ತದೆ. ದೊಡ್ಡ ಕೋಶಗಳು ಗದ್ದಲ ಮಾಡುತ್ತವೆ, ಆದರೆ ಒಂದು ಗುರಿಯನ್ನು ಹತ್ತು ನಿಮಿಷ ಹಿಡಿದಿಟ್ಟುಕೊಳ್ಳುವಷ್ಟು ಕೂಡಿ ಕೆಲಸ ಮಾಡಲಾರವು. ಎದ್ದು ಹೋಗಿ ಗಿರ್ಮಿಟ್ ತಿನ್ನಬೇಕು ಅನ್ನುವುದು ಅಂಥ ಒಂದು ಗುರಿ. ಅದು ಹುಟ್ಟುತ್ತದೆ, ನಿಲ್ಲುವುದಿಲ್ಲ. ಇದೇ ಗದ್ದಲ ಕೆಳಗೆ ಡೋಪಮಿನ್ ಕೋಶಗಳನ್ನು ತಿವಿದು ಸ್ಟ್ರಯೇಟಮ್‌ಗೆ ಜಾಸ್ತಿ ಸುರಿಸುತ್ತದೆ. ಅಲ್ಲಿಂದ ದನಿ ಬರುತ್ತದೆ.

ಮನೆಯವರಿಗೆ ನಾನು ಕಾಲುವೆಯ ಲೆಕ್ಕದಲ್ಲಿ ಹೇಳಿದೆ. ಮೇಲಿನ ಗೇಟು ಕೆಟ್ಟಿದೆ. ಕೆಳಗಿನ ಹೊಲಕ್ಕೆ ನೀರು ನುಗ್ಗುತ್ತಿತ್ತು, ಅದಕ್ಕೆ ಬದು ಕಟ್ಟಿದೆವು. ಹೊಲ ಉಳಿಯಿತು. ಗೇಟು ಮಾತ್ರ ಹಾಗೇ ಇದೆ.

ಕಾಕಾ ಮೊಬೈಲ್‌ನಲ್ಲಿ ನೋಡಿಕೊಂಡು ಬಂದಿದ್ದರು. "ಗ್ಲುಟಮೇಟ್ ಅಂದ್ರ ಅಜಿನೊಮೊಟೊ ಅಲ್ಲೇನ್ರಿ? ಗೋಬಿ ಮಂಚೂರಿ ತಿನ್ನಿಸಿದ್ರ ಆಗತೈತೇನು?" ನಗಬಾರದ ಪ್ರಶ್ನೆ. ಅಜಿನೊಮೊಟೊದಲ್ಲಿ ಇರುವುದು ಖರೇನೇ ಗ್ಲುಟಮೇಟ್. ಆದರೆ ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದು ಬಿಗಿ ಬೇಲಿ ಇದೆ, ತಿಂದ ಗ್ಲುಟಮೇಟ್ ಅದನ್ನು ದಾಟುವುದು ಅತಿ ಕಮ್ಮಿ. ಮಿದುಳು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಇಲ್ಲಿ ಕಮ್ಮಿ ಇರುವುದು ಗ್ಲುಟಮೇಟ್ ಅಲ್ಲ, ಅದನ್ನು ಕೇಳಿಸಿಕೊಳ್ಳುವ ಕಿವಿ.

"ಹಂಗಾದ್ರ ಆ ಕಿವಿಗೆ ಗುಳಗಿ ಕೊಡ್ರಿ" ಅಂದರು ಅಪ್ಪ. ಅಲ್ಲಿಯವರೆಗೆ ಅವರು ಬಾಯಿ ಬಿಟ್ಟಿರಲಿಲ್ಲ.

ಕೊಟ್ಟು ನೋಡಿದ್ದಾರೆ. ಎನ್‌ಎಂಡಿಎ ಗ್ರಾಹಕ ತೆರೆಯಲು ಗ್ಲುಟಮೇಟ್ ಒಂದೇ ಸಾಲದು, ಪಕ್ಕದ ಇನ್ನೊಂದು ಕೀಲಿಯೂ ಬೇಕು. ಗ್ಲೈಸಿನ್ ಅಥವಾ ಡಿ-ಸೆರಿನ್ ಆ ಕೆಲಸ ಮಾಡುತ್ತವೆ. ಗ್ರಾಹಕವನ್ನು ನೇರವಾಗಿ ಜಾಸ್ತಿ ಕೆಣಕಿದರೆ ಫಿಟ್ಸು ಬರಬಹುದು, ಕೋಶ ಸಾಯಬಹುದು, ಅದಕ್ಕೆ ಈ ಪಕ್ಕದ ಕೀಲಿಯ ದಾರಿ ಹಿಡಿದರು. ಮೊದಮೊದಲ ಸಣ್ಣ ಪ್ರಯೋಗಗಳು ಆಸೆ ಹುಟ್ಟಿಸಿದವು. 2007ರಲ್ಲಿ ಗ್ಲೈಸಿನ್ ಮತ್ತು ಸೈಕ್ಲೋಸೆರಿನ್ ಎರಡನ್ನೂ ನೆಗೆಟಿವ್ ಲಕ್ಷಣಕ್ಕೆ ಕೊಟ್ಟ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಸೈಕ್ಲೋಸೆರಿನ್ ನಮಗೆ ಗೊತ್ತಿರುವುದು ಟಿ.ಬಿ. ಔಷಧಿಯಾಗಿ. ಸುಳ್ಳು ಗುಳಿಗೆಗಿಂತ ಎರಡೂ ಮೇಲಾಗಲಿಲ್ಲ. ಮಿದುಳಿನಲ್ಲಿ ಗ್ಲೈಸಿನ್ ಜಾಸ್ತಿ ಹೊತ್ತು ಉಳಿಯುವ ಹಾಗೆ ಮಾಡುವ ಬಿಟೊಪೆರ್ಟಿನ್ 2014ರಲ್ಲಿ ಬಿತ್ತು. ಅದೇ ದಾರಿಯ ಐಕ್ಲೆಪೆರ್ಟಿನ್, ಯೋಚನಾಶಕ್ತಿಗೆ ಅಂತ ಪ್ರಯೋಗಿಸಿದ್ದು, 2025ರ ಆರಂಭದಲ್ಲಿ ಬಿತ್ತು.

ವಾದದ ಒಳಗೂ ತೊಡಕುಗಳಿವೆ. ಕೆಟಮಿನ್ ಕೊಟ್ಟವರಿಗೆ ನೋಟ, ಹೊತ್ತು, ಮೈ ಎಲ್ಲ ವಿಚಿತ್ರ ಅನಿಸುತ್ತದೆ. ಆದರೆ ಇಬ್ಬರು ಗಂಡಸರು ಕೂತು ಮಾತಾಡುವ ದನಿ ಸಾಮಾನ್ಯವಾಗಿ ಕೇಳುವುದಿಲ್ಲ. ಆ ಅರ್ಧ ತಾಸಿನ ಮೌನ ಅಮಲಿನದ್ದೋ ನೆಗೆಟಿವ್ ಲಕ್ಷಣವೋ ಅಂತ ಬಿಡಿಸುವುದೂ ಕಷ್ಟ. ಅದೇ ಕೆಟಮಿನ್ ಅನ್ನು ಈಗ ಖಿನ್ನತೆಗೆ ಔಷಧಿಯಾಗಿ ಕೊಡುತ್ತೇವೆ, ಅಲ್ಲಿ ಅದು ಹುಮ್ಮಸ್ಸು ಎಬ್ಬಿಸುತ್ತದೆ. 2007ರಲ್ಲಿ ಎನ್‌ಎಂಡಿಎ ಗ್ರಾಹಕಕ್ಕೆ ದೇಹವೇ ಶತ್ರುವಾಗುವ ಒಂದು ಮಿದುಳು ಉರಿಯೂತವನ್ನು ಗುರುತಿಸಿದರು. ಅದು ಹುಚ್ಚಿನ ಹಾಗೇ ಶುರುವಾಗುತ್ತದೆ, ಆಮೇಲೆ ಫಿಟ್ಸು, ಬಾಯಿ ಕೈಗಳ ವಿಚಿತ್ರ ಚಲನೆ ಬಂದು ಪ್ರಜ್ಞೆ ತಪ್ಪುತ್ತದೆ. ವಾದಕ್ಕೆ ಸಾಕ್ಷಿಯೂ ಹೌದು, ಅಡ್ಡಿಯೂ ಹೌದು. ಗ್ರಾಹಕ ಪೂರ್ತಿ ಹೋದರೆ ಬರುವುದು ಸ್ಕಿಜೋಫ್ರೇನಿಯಾ ಅಲ್ಲ.

ಇಷ್ಟಾದರೂ ನಾನು ಗ್ಲುಟಮೇಟ್ ಕಡೆಗೇ ವಾಲುತ್ತೇನೆ. 2014ರಲ್ಲಿ ಜೀನುಗಳ ದೊಡ್ಡ ಜಾಲಾಟದಲ್ಲಿ 108 ಜಾಗಗಳು ಸಿಕ್ಕವು. ಡಿ2 ಗ್ರಾಹಕದ ಜೀನೂ ಅದರಲ್ಲಿತ್ತು, ಎನ್‌ಎಂಡಿಎ ಗ್ರಾಹಕದ ಒಂದು ಭಾಗವನ್ನು ಬರೆಯುವ ಜೀನೂ ಇತ್ತು. 2022ರಲ್ಲಿ, ಆ ಎರಡನೆಯ ಜೀನು ಕೆಟ್ಟವರಲ್ಲಿ ಕಾಯಿಲೆಯ ಸಾಧ್ಯತೆ ಬಹಳ ಏರುತ್ತದೆ ಅಂತ ಕಂಡಿತು. ಔಷಧಿಗಳು ಬಿದ್ದದ್ದಕ್ಕೆ ನನ್ನ ಊಹೆ ಇದು: ತಾಳ ತಪ್ಪಿದ್ದು ಹದಿಹರೆಯದಲ್ಲಿ, ಮಿದುಳು ತನ್ನ ಜೋಡಣೆಗಳನ್ನು ಕತ್ತರಿಸಿ ಒಪ್ಪ ಮಾಡುವ ಹೊತ್ತಿನಲ್ಲಿ. ಹತ್ತು ವರ್ಷ ಆದಮೇಲೆ ಕೀಲಿ ಕೊಟ್ಟರೆ ಬಾಗಿಲೇ ಬೇರೆ ಕಡೆ ಸರಿದಿರುತ್ತದೆ. ಇದು ಊಹೆ ಅಷ್ಟೇ.

*

ಅಪ್ಪನಿಗೆ ಇಷ್ಟು ಹೇಳಿದೆ: ಆ ಕಿವಿಗೆ ಗುಳಿಗೆ ಇವತ್ತು ಇಲ್ಲ. ಕ್ಯಾರಿಪ್ರಜಿನ್ ಅನ್ನುವ ಇನ್ನೊಂದು ಡೋಪಮಿನ್ ಗುಳಿಗೆ ಇದೆ. 2017ರಲ್ಲಿ ಪ್ರಕಟವಾದ 26 ವಾರದ ಹೋಲಿಕೆಯಲ್ಲಿ ನೆಗೆಟಿವ್ ಲಕ್ಷಣಕ್ಕೆ ಅದು ರಿಸ್ಪೆರಿಡೋನ್‌ಗಿಂತ ಸ್ವಲ್ಪ ಮೇಲಾಗಿತ್ತು. ಸ್ವಲ್ಪ ಅಂದರೆ ಸ್ವಲ್ಪವೇ. ಬದಲಾಯಿಸುವಾಗ ದನಿ ಮರಳುವ ಅಪಾಯ ಇದೆ. 2 ಮಿಲಿಗ್ರಾಂನ ಆ ಮೂರು ವಾರ ಅವರಿಗೆ ನೆನಪಿತ್ತು. ಬೇಡ ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಒಳಗಿನಿಂದ ಶುರು ಬರುವುದಿಲ್ಲ ಅಂದರೆ ಹೊರಗಿನಿಂದ ಕೊಡಬೇಕು. ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುವ ಕೆಲಸ ಆರಿಸಿದೆವು. ಮಗ್ಗದ ಮುಂದೆ ನಿಲ್ಲಿಸಲಿಲ್ಲ, ಆ ಸದ್ದು ಅವನಿಗೆ ಇನ್ನೂ ಹಳೆಯ ಸದ್ದು. ದಿನಾ ಸಂಜೆ ನಾಲ್ಕಕ್ಕೆ ಅಕ್ಕ ಬಂದು ರಾಟಿಯ ಮುಂದೆ ಕೂರಿಸಬೇಕು, ಮೊದಲ ಕಂಡಿಕಿ ತಾನೇ ಹಾಕಿಕೊಡಬೇಕು. "ಕೆಲಸ ಮಾಡು" ಅನ್ನುವುದು ಬೇಡ, ಅದು ಬಹಳ ದೊಡ್ಡ ಮಾತು. "ಇದು ಹಾಕು" ಅನ್ನಬೇಕು. ಹತ್ತು ಕಂಡಿಕಿ ಸಾಕು. ಮುಗಿದ ಕೂಡಲೇ ಗಿರ್ಮಿಟ್, ನಾಳೆಗೆ ಅಲ್ಲ. ಮುಂದಿನ ಸುಖ ಅವನನ್ನು ಎಳೆಯುವುದಿಲ್ಲ, ಕೈಗೆ ಬಂದ ಸುಖ ಹಿಡಿಸುತ್ತದೆ ಅಂತ ನೋಡಿದ್ದೆವಲ್ಲ.

ಮೊದಲ ತಿಂಗಳು ನಾಲ್ಕು ಸುತ್ತಿ ನಿಲ್ಲಿಸುತ್ತಿದ್ದ. ಮೂರನೇ ತಿಂಗಳು ಹತ್ತು ಮುಗಿಸುತ್ತಿದ್ದ. ಒಂಬತ್ತು ತಿಂಗಳಾದ ಮೇಲೆ ಇಪ್ಪತ್ತರ ಹತ್ತಿರ. ಅಕ್ಕ ಹಬ್ಬಕ್ಕೆ ಗಂಡನ ಊರಿಗೆ ಹೋದ ಆರು ದಿನ ಒಂದೂ ಸುತ್ತಲಿಲ್ಲ. ಅವಳು ಬಂದ ದಿನ ಮತ್ತೆ ಕೂತ.

ಈಗಲೂ ರಿಸ್ಪೆರಿಡೋನ್ 3 ಮಿಲಿಗ್ರಾಂ, ರಾತ್ರಿ ಒಂದೇ ಸಲ. ಪ್ರತಿ ಭೇಟಿಯಲ್ಲೂ ಕಾರಿಡಾರಿನಲ್ಲಿ ನಡೆಸಿ ಎಡಗೈ ನೋಡುತ್ತೇನೆ. ಕಳೆದ ಸಲ ತಾಯಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಕಂಡಿಕಿಯ ಲೆಕ್ಕ ಅದರಲ್ಲೇ ಬರೆಯುತ್ತಾರೆ. ಒಂದು ಮಂಗಳವಾರದ ಸಾಲಿನ ಪಕ್ಕ ಗೀಟು ಹಾಕಿತ್ತು. ಏನದು ಅಂದೆ. ಅವತ್ತು ಅಕ್ಕ ಅಡುಗೆಮನೆಯಲ್ಲಿ ಇದ್ದಳಂತೆ, ನಾಲ್ಕು ಹೊಡೆದು ಹತ್ತು ನಿಮಿಷ ಆಗಿತ್ತಂತೆ. ಮಲ್ಲು ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದ್ದ: "ಅಕ್ಕಾ, ಇವತ್ತ ಇಲ್ಲೇನು?"

ಆಮೇಲೆ ಮತ್ತೆ ಕೇಳಿದನಾ ಅಂದೆ. "ಇಲ್ರಿ, ಒಂದ ಸಲ" ಅಂದರು ತಾಯಿ. ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು, ಜಮಖಂಡಿ ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.